ಗಂಜಿ ಅಕ್ಕನ ಎರಡು ನೀರು

ಗಂಜಿ ಅಕ್ಕನಿಗೆ ಆ ಹೆಸರಿಟ್ಟವರು ಯಾರು ಎಂದು ಕೇಳಿದರೆ ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ನಾನಂತೂ ಅಲ್ಲ. ಆದರೆ ಹೆಸರಿಟ್ಟವರು ಯಾರೇ ಆಗಿರಲಿ, ತಿಳಿದೇ ಇಟ್ಟಿದ್ದಾರೆ. ಅವಳ ಲಾಂಡ್ರಿಯಿಂದ ಬಂದ ಡಾಕ್ಟರ ಕೋಟಿಗೆ ಗಂಜಿ ಎಷ್ಟು ಬಿದ್ದಿರುತ್ತಿತ್ತೆಂದರೆ, ಗೋಡೆಗೆ ಒರಗಿಸಿದರೆ ಅದು ತಾನಾಗಿ ನಿಲ್ಲುತ್ತಿತ್ತು. ಅವಳ ಬೆನ್ನೂ ಹಾಗೆಯೇ, ಮಾತೂ ಹಾಗೆಯೇ. ಬಗ್ಗಿದ್ದನ್ನು ನಾನು ನೋಡಿಲ್ಲ.

ನಾನು ಎಮರ್ಜೆನ್ಸಿ ವಾರ್ಡಿನ ಹೆಡ್ ನರ್ಸ್. ಹಾಸಿಗೆಯ ಮೇಲಿನ ಬಟ್ಟೆಯ ವಿಚಾರದಲ್ಲಿ ಅವಳೊಂದಿಗೆ ವರ್ಷಗಟ್ಟಲೆ ಜಗಳವಾಡಿದ್ದೇನೆ. ಚಾದರ ಸಾಲದು ಎಂದು ಫೋನು ಮಾಡಿದರೆ, "ನಿಮ್ಮವರು ಅದರಲ್ಲಿ ನೆಲ ಒರೆಸ್ತಾರೆ ಸಿಸ್ಟರ್, ನಂಗೆ ಗೊತ್ತಿಲ್ವಾ?" ಎನ್ನುತ್ತಿದ್ದಳು. ಒರೆಸುತ್ತಿದ್ದದ್ದು ನಿಜವೇ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಅವಳ ಲಾಂಡ್ರಿ. ಮುಂದೆ ಇಸ್ತ್ರಿಯ ಉದ್ದ ಮೇಜು, ಅದರ ಹಿಂದೆ ಎರಡು ದೊಡ್ಡ ಮೆಷೀನು, ತೀರಾ ಒಳಗೆ ಕಿಟಕಿಯೇ ಇಲ್ಲದ ಒಂದು ಕೋಣೆ. ಕಲೆ ತೆಗೆಯುವ ಕೆಲಸವೆಲ್ಲ ಅಲ್ಲಿ. ಗೋಡೆಯಲ್ಲಿ ಗಾಳಿ ಹೊರಗೆ ತಳ್ಳುವ ಫ್ಯಾನು, ಅದರ ಕೆಳಗೆ ಸಿಮೆಂಟಿನ ಎರಡು ತೊಟ್ಟಿ. ಅವಳ ಅಪ್ಪಣೆಯಿಲ್ಲದೆ ಆ ಕೋಣೆಗೆ ಯಾರೂ ಕಾಲಿಡುವಂತಿರಲಿಲ್ಲ.

ಅಂಗಡಿಯಲ್ಲಿ ಎಲ್ಲದಕ್ಕೂ ನೀರೆಂದೇ ಹೆಸರು. ಬಿಳಿ ಬಟ್ಟೆಗೆ ಹಾಕುವ ಬ್ಲೀಚು ಬಿಳಿ ನೀರು. ತುಕ್ಕಿನ ಕಲೆ ತೆಗೆಯುವ ಆಸಿಡ್ಡು ಕೆಂಪು ಕ್ಯಾನಿನಲ್ಲಿ ಬರುತ್ತಿದ್ದರಿಂದ ಅದು ಕೆಂಪು ನೀರು. ಆಮೇಲೆ ನೀಲಿ ನೀರು, ಗಂಜಿ ನೀರು. ಬಿಳಿ ನೀರಿನ ತೊಟ್ಟಿ ಬೇರೆ, ಕೆಂಪು ನೀರಿನದು ಬೇರೆ. ಒಂದರಿಂದ ತೆಗೆದ ಬಟ್ಟೆಯನ್ನು ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸದೆ ಇನ್ನೊಂದಕ್ಕೆ ಇಳಿಸುವಂತಿಲ್ಲ. ಎರಡು ನೀರು ಸೇರಿದರೆ ವಿಷದ ಗಾಳಿ ಏಳುತ್ತದೆ ಎಂದು ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದಳು. ಒಮ್ಮೆ ಒಬ್ಬ ಹೆಂಗಸು ಮರೆತು ಒದ್ದೆ ಬಟ್ಟೆಯನ್ನು ಹಾಗೇ ಆಚೆ ತೊಟ್ಟಿಗೆ ಹಾಕಲು ಹೋದಾಗ ಅವಳು ಕೂಗಿದ ಕೂಗು ನಮ್ಮ ವಾರ್ಡಿಗೆ ಕೇಳಿಸಿತ್ತೆಂದು ಜನ ಹೇಳುತ್ತಾರೆ. ಸ್ವಲ್ಪ ಉಪ್ಪುಖಾರ ಹಚ್ಚಿದ ಮಾತು, ಆದರೂ ನಂಬಬಹುದು.

ಅವಳ ಗಂಡ ವ್ಯಾನು ಓಡಿಸುತ್ತಾನೆ. ಕೊಳೆ ಬಟ್ಟೆ ಒಯ್ಯುವುದು, ಒಗೆದದ್ದು ತರುವುದು. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ. ಅವಳು ಬೈದರೆ ನಗುತ್ತಾನೆ, ನಾವು ಬೈದರೂ ನಗುತ್ತಾನೆ. ಆ ಮನುಷ್ಯ ಒಂದು ದಿನ ನಮ್ಮ ಮೇಲೆ ಏರಿಬಂದ. ಅದನ್ನು ಹೇಳುವ ಮೊದಲು ಅವಳ ಹಳೆಯ ಕಾಯಿಲೆಯ ವಿಷಯ ಹೇಳಬೇಕು.

ಅದಕ್ಕೆ ಎರಡು ವರ್ಷ ಮುಂಚೆ ಗಂಜಿ ಅಕ್ಕ ಉಸಿರಿಗೆ ಒದ್ದಾಡುತ್ತ ನಮ್ಮಲ್ಲಿಗೆ ಬಂದಿದ್ದಳು. ವಾರಗಟ್ಟಲೆ ಕಾಲು ಊದಿಕೊಂಡಿತ್ತಂತೆ. ಚಪ್ಪಲಿ ಬಿಗಿಯಾಯಿತೆಂದು ಹೊಸ ಚಪ್ಪಲಿ ಕೊಂಡಿದ್ದಳೇ ಹೊರತು ಡಾಕ್ಟರ ಹತ್ತಿರ ಬಂದಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬಿನ ಮೇಲೆ ದಿಂಬು ಪೇರಿಸಿಕೊಂಡು ಒರಗುತ್ತಿದ್ದಳು. ಬಂದಾಗ ಕೈಕಾಲು ತಣ್ಣಗೆ, ಮೈಯೆಲ್ಲ ಬೆವರು, ಬಿಪಿ ಆಕಾಶದಲ್ಲಿ, ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. ಎದೆಗೆ ಕೊಳವೆಯಿಟ್ಟರೆ ಕೆಳಗಿನಿಂದ ಮೇಲಿನವರೆಗೆ ಗುಳುಗುಳು. ಹೃದಯದ ಬಡಿತ ಎರಡು ಸದ್ದಿನ ಬದಲು ಮೂರು ಸದ್ದು ಮಾಡುತ್ತಿತ್ತು. ನಮ್ಮ ದೊಡ್ಡ ಡಾಕ್ಟರಮ್ಮ ನೋಡಿದ ತಕ್ಷಣ ಹೃದಯದ ಪಂಪು ಸೋತಿದೆ ಎಂದರು. ಅವಳ ಗಂಡನಿಗೆ ಹೇಳಿದ್ದು ನಾವು ಎಲ್ಲರಿಗೂ ಹೇಳುವ ಮಾತೇ: "ಶ್ವಾಸಕೋಶದಲ್ಲಿ ನೀರು ಸೇರ್ಕೊಂಡಿದೆ."

ಬಿಎನ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸಿದರು. ಹೃದಯದೊಳಗೆ ಒತ್ತಡ ಹೆಚ್ಚಿ ಗೋಡೆ ಹಿಗ್ಗಿದಾಗ ಹೃದಯವೇ ರಕ್ತಕ್ಕೆ ಬಿಡುವ ವಸ್ತು ಅದು. ಉಪ್ಪನ್ನೂ ನೀರನ್ನೂ ಹೊರಗೆ ಹಾಕು ಎಂದು ಮೂತ್ರಪಿಂಡಕ್ಕೆ ಕಳಿಸುವ ಮೊರೆ ಎಂದುಕೊಳ್ಳಿ. ಗಂಜಿ ಅಕ್ಕನದು ಸಾವಿರಗಳಲ್ಲಿತ್ತು. ನೆಟ್ಟಗೆ ಕೂರಿಸಿ, ಮುಖಕ್ಕೆ ಬಿಗಿಯಾದ ಮಾಸ್ಕಿನಿಂದ ಒತ್ತಡದ ಗಾಳಿ ಕೊಟ್ಟು, ರಕ್ತನಾಳ ಸಡಿಲಿಸುವ ಡ್ರಿಪ್ಪು ಹಾಕಿ, ನೀರು ಇಳಿಸುವ ಇಂಜೆಕ್ಷನ್ನು ಕೊಟ್ಟೆವು. ಮೂತ್ರದ ಚೀಲ ತುಂಬುತ್ತ ಬಂದಂತೆ ಅವಳ ಉಸಿರು ತಗ್ಗುತ್ತ ಬಂತು. ಬೆಳಿಗ್ಗೆ ಸಾಯುತ್ತಿದ್ದವಳು ಮಧ್ಯಾಹ್ನಕ್ಕೆ ಎದ್ದು ಕೂತು, ತನ್ನ ಕೆಳಗೆ ಹಾಸಿದ್ದ ಚಾದರದ ಅಂಚು ಎತ್ತಿ ನೋಡಿ, "ಇದನ್ನ ನಾವು ಒಗೆದಿದ್ದಲ್ಲ" ಎಂದಳು.

ಅಂದಿನಿಂದ ಅವಳ ಗಂಡನಿಗೆ ಆ ನೀರಿನ ಮಾತ್ರೆಯೆಂದರೆ ದೇವರು. ದಿನಾ ಬೆಳಿಗ್ಗೆ ತಾನೇ ಬಿಡಿಸಿ ಅವಳ ಅಂಗೈಗೆ ಹಾಕುತ್ತಿದ್ದ. ಮಾತ್ರೆಯ ಪಟ್ಟಿ ಸದಾ ಅಂಗಿಯ ಜೇಬಿನಲ್ಲಿ. ಕಾಲು ಊದಿದರೆ ಒಂದು ಹೆಚ್ಚಿಗೆ ಕೊಡಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. "ಕಾಲು ಊದಿದರೆ" ಎಂಬುದನ್ನು ಅವನು ಮರೆತ, "ಹೆಚ್ಚಿಗೆ ಕೊಡಬಹುದು" ಎಂಬುದು ಮಾತ್ರ ತಲೆಯಲ್ಲಿ ಉಳಿಯಿತು.

ಇನ್ನು ಆ ದಿನದ ಮಾತು. ಕತ್ತಲಾಗುವ ಮುಂಚೆ ವ್ಯಾನು ನಮ್ಮ ಬಾಗಿಲಿಗೇ ಬಂದು ನಿಂತಿತು. ಬಟ್ಟೆಯ ಗಂಟುಗಳ ಮಧ್ಯೆ ಗಂಜಿ ಅಕ್ಕ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ಒಂದು ಮಾತಿಗೆ ನಾಲ್ಕು ಉಸಿರು. ನನ್ನ ತೋಳು ಹಿಡಿದು, "ನೀರು... ನೀರು ಸೇರ್ಕೊಂಡ್ಬಿಡ್ತು" ಎಂದಳು.

ಗಂಡನೂ ಅದನ್ನೇ ಹೇಳಿದ. ಮಧ್ಯಾಹ್ನ ತಾನು ಬಟ್ಟೆ ಕೊಟ್ಟು ಬರುವಷ್ಟರಲ್ಲಿ ಅವಳು ಹೊಸ್ತಿಲಲ್ಲಿ ಕೂತು ಕೆಮ್ಮುತ್ತಿದ್ದಳಂತೆ. ಏನಾಯಿತೆಂದರೆ ನೀರು ಸೇರಿಕೊಂಡಿತು ಎಂದಳಂತೆ. ಇವನು ಮಾತ್ರೆ ಕೊಟ್ಟಿದ್ದಾನೆ. ಇಳಿಯಲಿಲ್ಲವೆಂದು ಇನ್ನೊಮ್ಮೆ, ಮತ್ತೊಮ್ಮೆ. ಡ್ಯೂಟಿ ಡಾಕ್ಟರಿಗೆ ಅವಳ ಹೃದಯದ ಕಥೆ ಗೊತ್ತಿತ್ತು. ಎದೆಯಲ್ಲಿ ಗುಳುಗುಳು ಇತ್ತು. ರೋಗಿಯೇ ರೋಗದ ಹೆಸರು ಹೇಳುತ್ತಿದ್ದಾಳೆ. ಅವರು ನೀರಿಳಿಸುವ ಇಂಜೆಕ್ಷನ್ನು ಕೊಡಿಸಿದರು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು.

ಅವಳ ಮೈಯಿಂದ ಬ್ಲೀಚಿನ ವಾಸನೆ ಬರುತ್ತಿತ್ತು. ಅದು ಯಾರಿಗೂ ವಿಶೇಷವೆನಿಸಲಿಲ್ಲ. ಆ ವಾಸನೆ ಇಲ್ಲದೆ ಅವಳು ಬಂದಿದ್ದರೆ ನಮಗೆ ಅನುಮಾನ ಬರುತ್ತಿತ್ತು.

ಇಂಜೆಕ್ಷನ್ನು ಹೋಗಿ ಎಷ್ಟು ಹೊತ್ತಾದರೂ ಉಸಿರು ತಗ್ಗಲಿಲ್ಲ, ಬಿಪಿ ಮಾತ್ರ ತಗ್ಗಿತು. ಆಕ್ಸಿಜನ್ನು ಪೂರ್ತಿ ತಿರುಗಿಸಿದ್ದರೂ ಬೆರಳಿಗೆ ಹಾಕಿದ ಯಂತ್ರದ ಅಂಕಿ ಮೇಲೇಳಲು ಒಲ್ಲೆನೆನ್ನುತ್ತಿತ್ತು. ದೊಡ್ಡ ಡಾಕ್ಟರಮ್ಮ ಬಂದರು. ಅವರು ಮಾತಿಗಿಂತ ಮೊದಲು ಕೈ ಹಿಡಿಯುವವರು. ಗಂಜಿ ಅಕ್ಕನ ಕೈ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತರು. ಕೈ ಬೆಚ್ಚಗಿತ್ತು. ಕುತ್ತಿಗೆಯ ನರ ಕಾಣಲೇ ಇಲ್ಲ. ಪಾದದ ಮೇಲೆ ಹೆಬ್ಬೆರಳು ಒತ್ತಿದರು, ಗುಳಿ ಬೀಳಲಿಲ್ಲ. ಎದೆಯಲ್ಲಿ ಆ ಮೂರನೆಯ ಸದ್ದು ಇರಲಿಲ್ಲ. ನಾಲಿಗೆ ಒಣಗಿತ್ತು.

ಎಕ್ಸ್‌ರೇ ಬಂತು. ಹಿಂದಿನ ಸಲ ಬಿಳುಪು ಹೃದಯದ ಎರಡೂ ಪಕ್ಕ ರೆಕ್ಕೆಯಂತೆ ಹರಡಿತ್ತು, ತಳದಲ್ಲಿ ನೀರು ನಿಂತಿತ್ತು, ಹೃದಯ ದೊಡ್ಡದಾಗಿತ್ತು. ಈ ಸಲ ಹೃದಯ ಎಂದಿನಷ್ಟೇ, ಬಿಳುಪು ಮಾತ್ರ ಅಂಚಿನವರೆಗೂ ತೇಪೆ ತೇಪೆಯಾಗಿ ಚದುರಿತ್ತು. ಎಕೋ ಯಂತ್ರವನ್ನು ಹಾಸಿಗೆಯ ಹತ್ತಿರ ತರಿಸಿ ನೋಡಿದರು. ಪಂಪು ಈಚೆಗೆ ಚೆಕಪ್ಪಿಗೆ ಬಂದಾಗ ಹೇಗಿತ್ತೋ ಹಾಗೇ, ಹೃದಯಕ್ಕೆ ಬರುವ ದೊಡ್ಡ ರಕ್ತನಾಳ ಮಾತ್ರ ಬರಿದಾಗಿ ಚಪ್ಪಟೆಯಾಗಿತ್ತು. ಬಿಎನ್‌ಪಿ ಅವಳು ಚೆನ್ನಾಗಿದ್ದಾಗ ಇರುತ್ತಿದ್ದ ಮಟ್ಟದಲ್ಲೇ ಇತ್ತು. ಆರೋಗ್ಯವಂತರಿಗಿಂತ ಸ್ವಲ್ಪ ಜಾಸ್ತಿ, ಅವಳಿಗೆ ಮಾಮೂಲು. ಡ್ಯೂಟಿ ಡಾಕ್ಟರಿಗೆ ಅವರು ಹೇಳಿದ್ದು ನನಗೆ ನೆನಪಿದೆ: ಅಂಕಿಯೊಂದನ್ನೇ ನಂಬಬೇಡಿ, ಕಿಡ್ನಿ ಸೋತರೆ ಅದು ಏರುತ್ತದೆ, ದಪ್ಪ ಮೈಯವರಲ್ಲಿ ಕಡಿಮೆ ಕಾಣುತ್ತದೆ. ಆದರೆ ಕೈ, ಕುತ್ತಿಗೆ, ಕಾಲು, ಎಕ್ಸ್‌ರೇ, ಎಕೋ ಎಲ್ಲ ಒಂದೇ ಮಾತು ಹೇಳುವಾಗ ಈ ಅಂಕಿಯೂ ಅದನ್ನೇ ಹೇಳಿದರೆ ಕಿವಿಗೊಡಬೇಕು.

"ಇದು ಹಾರ್ಟಿನ ನೀರಲ್ಲ" ಎಂದರು. ನೀರಿಳಿಸುವ ಔಷಧ ನಿಲ್ಲಿಸಿದರು. ಅಷ್ಟೇ ಅಲ್ಲ, ಬಿಪಿ ಕುಸಿಯುತ್ತಿದ್ದುದರಿಂದ ನರಕ್ಕೆ ಸಲೈನು ಹಾಕಿಸಿದರು. ಸ್ವಲ್ಪವೇ, ಬಿಪಿ ನೋಡುತ್ತ, ಉಸಿರು ನೋಡುತ್ತ.

ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಸಲೈನಿನ ಬಾಟಲಿ ತೂಗುಹಾಕಿದ್ದು ಕಂಡದ್ದೇ ಒಳಗೆ ನುಗ್ಗಿದ.

"ಎದೆ ತುಂಬ ನೀರಿರೋಳಿಗೆ ಮೇಲಿಂದ ನೀರು ಹಾಕ್ತಿದೀರಲ್ಲ, ನಿಮಗೆ ತಲೆ ಸರಿ ಇದ್ಯಾ?"

ನಕ್ಕೇ ಮಾತಾಡುವವನ ಬಾಯಲ್ಲಿ ಅಂಥ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹಿಂದಿನ ಸಲ ಉಳಿಸಿದ ಔಷಧವನ್ನು ಈ ಸಲ ಯಾಕೆ ನಿಲ್ಲಿಸಿದಿರಿ ಎಂದ. ಬೇರೆ ಆಸ್ಪತ್ರೆಗೆ ಒಯ್ಯುತ್ತೇನೆ, ವ್ಯಾನು ಬಾಗಿಲಲ್ಲೇ ಇದೆ, ಈಗಲೇ ಬಿಟ್ಟುಕೊಡಿ ಎಂದ. ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು, ನೀವು ಕೊಡದಿದ್ದರೆ ನಾನೇ ಕೊಡುತ್ತೇನೆ ಎಂದು ಹಾಸಿಗೆಯ ಕಡೆ ಬಂದ. ನಾನು ಅಡ್ಡ ನಿಂತೆ. ಆ ಸ್ಥಿತಿಯಲ್ಲಿ ಅವಳನ್ನು ಆಕ್ಸಿಜನ್ನಿನಿಂದ ಬಿಡಿಸಿ ವ್ಯಾನಿಗೆ ಹಾಕಿದರೆ ಬೀದಿಯ ತಿರುವು ದಾಟುವುದು ಕಷ್ಟವಿತ್ತು. ಅವನಿಗೆ ಹೇಳಿದೆ. ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಡಾಕ್ಟರಮ್ಮ ದನಿ ಏರಿಸಲಿಲ್ಲ. ಅವನಿಗೆ ತೊಟ್ಟಿಯ ಲೆಕ್ಕದಲ್ಲಿ ಹೇಳಿದರು. "ನೋಡಿ, ತೂಬು ಕಟ್ಕೊಂಡು ತೊಟ್ಟಿ ತುಂಬಿ ಹೊರಗೆ ಚೆಲ್ಲಿದ್ರೆ ತೂಬು ಬಿಡಿಸ್ಬೇಕು, ನೀರು ಇಳಿಸ್ಬೇಕು. ಹೋದ ಸಲ ಆಗಿದ್ದು ಅದು. ಈ ಸಲ ತೊಟ್ಟಿ ತುಂಬಿಲ್ಲ. ಗೋಡೆನೇ ಬಿರುಕು ಬಿಟ್ಟು ಸೋರ್ತಿದೆ. ಇರೋ ನೀರು ಖಾಲಿ ಮಾಡಿದ್ರೆ ಗೋಡೆ ರಿಪೇರಿ ಆಗಲ್ಲ, ಮೈಗೆ ರಕ್ತ ಸಾಲಲ್ಲ, ಕಿಡ್ನಿ ಹೋಗುತ್ತೆ."

ಹಾಗಾದರೆ ಗೋಡೆ ಯಾಕೆ ಬಿರುಕು ಬಿಟ್ಟಿತು ಎಂದು ಅವನು ಕೇಳಿದ. ನ್ಯಾಯವಾದ ಪ್ರಶ್ನೆ. ಡಾಕ್ಟರಮ್ಮನಿಗೂ ಅದೇ ಬೇಕಾಗಿತ್ತು. ಜ್ವರ ಇತ್ತೇ, ವಾಂತಿ ಗಂಟಲಿಗೆ ಸಿಕ್ಕಿಕೊಂಡಿತೇ, ಹೊಟ್ಟೆನೋವು ಇತ್ತೇ ಎಂದು ಒಂದೊಂದಾಗಿ ವಿಚಾರಿಸಿದರು. ಯಾವುದೂ ಇಲ್ಲ. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದಳು, ಎಂದಿನಂತೆ ತನ್ನನ್ನು ಬೈದಳು ಎಂದ. ಮಧ್ಯಾಹ್ನ ಕೆಮ್ಮುವಾಗ ಏನು ಹೇಳಿದಳು, ಅವಳು ಆಡಿದ ಮಾತನ್ನೇ ಹೇಳಿ ಎಂದರು.

"ಹೇಳಿದ್ನಲ್ಲ ಮೇಡಂ. ನೀರು ಸೇರ್ಕೊಂಡ್ತು ಅಂದ್ಲು."

ಡಾಕ್ಟರಮ್ಮ ಹಾಸಿಗೆಯ ಕಡೆ ತಿರುಗಿ ಬಗ್ಗಿದರು. "ಅಕ್ಕಾ, ಯಾವ ನೀರು?"

ಮಾಸ್ಕಿನೊಳಗೆ ಗಂಜಿ ಅಕ್ಕನ ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಅವಳು ಗಂಡನ ಮುಖ ನೋಡಿದಳು. ಆಮೇಲೆ ಎಡಗೈಯ ಒಂದು ಬೆರಳೆತ್ತಿದಳು, ಬಲಗೈಯ ಒಂದು ಬೆರಳೆತ್ತಿದಳು, ಎರಡನ್ನೂ ಮೆಲ್ಲಗೆ ತಂದು ಕೂಡಿಸಿದಳು. ಕಣ್ಣು ಕೆಂಪಗಿತ್ತು. ಅಷ್ಟು ಹೊತ್ತೂ ಉಸಿರಿನ ಸಂಕಟಕ್ಕೆ ಕಣ್ಣಲ್ಲಿ ನೀರು ಬರುತ್ತಿದೆ ಎಂದು ನಾನು ಒರೆಸುತ್ತಿದ್ದೆ.

ಗಂಡ ಸ್ಟೂಲು ಎಳೆದುಕೊಂಡು ಕೂತ. "ಬಿಳಿ ನೀರು, ಕೆಂಪು ನೀರು" ಎಂದ. ಯಾರಿಗೆ ಹೇಳಿದನೋ ಗೊತ್ತಿಲ್ಲ. ಆಮೇಲೆ ನಮಗೆ ಬಿಡಿಸಿ ಹೇಳಿದ. ಒಳಗಿನ ಕೋಣೆಯ ಫ್ಯಾನು ಕೆಟ್ಟಿತ್ತಂತೆ. ಒಂದು ಬಿಳಿ ಕೋಟಿನ ಜೇಬಿಗೆ ಪಿನ್ನಿನ ತುಕ್ಕು ಹಿಡಿದಿತ್ತು, ಅದು ಹೋಗುವವರೆಗೆ ಅವಳಿಗೆ ನೆಮ್ಮದಿ ಇರಲಿಲ್ಲ. ಉಳಿದದ್ದನ್ನು ನಾವೇ ಊಹಿಸಿಕೊಂಡೆವು. ತೊಟ್ಟಿ ಖಾಲಿಯಿದೆ ಎಂದುಕೊಂಡು ಕೆಂಪು ಕ್ಯಾನು ಬಗ್ಗಿಸಿದ್ದಾಳೆ. ತಳದಲ್ಲಿ ಬಿಳಿ ನೀರು ಉಳಿದಿತ್ತು. ಜೀವಮಾನವಿಡೀ ಎಲ್ಲರಿಗೂ ಬೈದು ಬುದ್ಧಿ ಹೇಳಿದ ತಪ್ಪನ್ನು ತಾನೇ ಮಾಡಿ, ನಾಚಿಕೆಗೆ ಗಂಡನ ಹತ್ತಿರವೂ ಪೂರ್ತಿ ಹೇಳಿಕೊಳ್ಳದೆ ಎರಡೇ ಪದದಲ್ಲಿ ಮುಗಿಸಿದ್ದಾಳೆ. ಆ ಎರಡು ಪದ ಅವನಿಗೆ ಕೇಳಿಸಿದ್ದು ಬೇರೆ ಅರ್ಥದಲ್ಲಿ. ನಮಗೂ ಹಾಗೇ.

ಆ ಎರಡು ನೀರು ಸೇರಿದಾಗ ಏಳುವ ಕ್ಲೋರಿನ್ ಗಾಳಿ ಶ್ವಾಸಕೋಶದ ಒಳಗೋಡೆಯನ್ನು ಸುಡುತ್ತದೆ. ಸುಟ್ಟದ್ದು ಆ ಕ್ಷಣಕ್ಕೆ ಗೊತ್ತಾಗದಿರಬಹುದು, ಗಂಟೆಗಳ ಮೇಲೆ ಸೋರಲು ಶುರುವಾಗುತ್ತದೆ. ಅದಕ್ಕೆ ಇಂಥದ್ದೇ ಎಂಬ ಔಷಧ ಇಲ್ಲ. ಗೋಡೆ ತಾನಾಗಿ ಮಾಯುವವರೆಗೆ ಮನುಷ್ಯರನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ಮೈಮೇಲಿನ ಬಟ್ಟೆ ತೆಗೆಸಿದೆವು, ಕೂದಲು ತೊಳೆದೆವು, ಕಣ್ಣಿಗೆ ನೀರು ಹರಿಸಿದೆವು, ಉಸಿರಿನ ಕೊಳವೆ ಹಿಗ್ಗಿಸುವ ಔಷಧ ಕೊಟ್ಟೆವು. ಸ್ವಲ್ಪ ಹೊತ್ತಿಗೆ ಅವಳು ಪೂರ್ತಿ ಸೋತಳು, ಗಂಟಲಿಗೆ ಕೊಳವೆ ಹಾಕಿ ಯಂತ್ರಕ್ಕೆ ಸೇರಿಸಬೇಕಾಯಿತು. ಒಪ್ಪಿಗೆ ಕೇಳಿದಾಗ ಅವಳ ಗಂಡ ತಲೆಯಾಡಿಸಿದ. ಮಾತ್ರೆಯ ಪಟ್ಟಿ ಇನ್ನೂ ಮುಷ್ಟಿಯಲ್ಲೇ ಇತ್ತು.

ಯಂತ್ರದಿಂದ ಕೊಡುವ ಉಸಿರು ಚಿಕ್ಕಚಿಕ್ಕದು. ದೊಡ್ಡ ಉಸಿರು ಕೊಟ್ಟರೆ ಬಿರುಕು ಬಿಟ್ಟ ಗೋಡೆ ಇನ್ನೂ ಹರಿಯುತ್ತದೆ. ದಿನದ ಬಹುಪಾಲು ಅವಳನ್ನು ಬೋರಲು ಮಲಗಿಸಿದೆವು, ಹಾಗೆ ಮಲಗಿಸಿದಾಗ ಮುಚ್ಚಿಹೋದ ಭಾಗಗಳು ತೆರೆದುಕೊಳ್ಳುತ್ತವೆ. ಬಿಪಿ ಸ್ಥಿರವಾಗಿ, ಕಿಡ್ನಿ ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮ ನೀರಿಳಿಸುವ ಔಷಧವನ್ನು ತುಸು ತುಸು ಮತ್ತೆ ಶುರು ಮಾಡಿದರು. ಸೋರುವ ಗೋಡೆಯ ಮೇಲೆ ಭಾರ ಹೆಚ್ಚಾಗದಿರಲಿ ಎಂದು, ಹಳೆಯ ಹೃದಯವೂ ಇದೆಯಲ್ಲ ಎಂದು. ಆಗ ಗಂಡ ಬಂದು, ಅವತ್ತು ಬೇಡವಾದದ್ದು ಇವತ್ತು ಯಾಕೆ ಬೇಕಾಯಿತು ಎಂದು ನನ್ನನ್ನು ಕೇಳಿದ. ಜಗಳಕ್ಕಲ್ಲ, ಹೆದರಿಕೆಗೆ. ಅವತ್ತು ಕೊಟ್ಟ ಮಾತ್ರೆಗಳಿಂದ ತಾನೇ ಹೆಂಡತಿಯನ್ನು ಕೊಲ್ಲುತ್ತಿದ್ದೆ ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಸಮಾಧಾನ ಹೇಳಿದೆ. ನನ್ನ ಸಮಾಧಾನದ ಮಾತು ಅಷ್ಟಕ್ಕಷ್ಟೇ, ನನಗೂ ಗೊತ್ತು. ಅವನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಅತ್ತ. ನಾನೂ ಸ್ಟೋರಿನೊಳಗೆ ಹೋಗಿ ಅತ್ತೆ. ಚಾದರಕ್ಕೆ ಜಗಳವಾಡಲು ಆ ದಿನಗಳಲ್ಲಿ ನನಗೆ ಯಾರೂ ಇರಲಿಲ್ಲ.

ಎರಡನೆಯ ವಾರದ ಕೊನೆಗೆ ಕೊಳವೆ ತೆಗೆದರು. ದನಿ ಒಡೆದು ಹೋಗಿತ್ತು. ಡ್ಯೂಟಿ ಡಾಕ್ಟರು ಹೇಗಿದ್ದೀರಿ ಎಂದು ವಿಚಾರಿಸಿದರು. ಅವಳು ಅವರ ಕೋಟನ್ನೇ ನೋಡುತ್ತ, "ನಿಮ್ಮದೊಂದು ಕೋಟು ನನ್ನ ಹತ್ರ ಉಳ್ಕೊಂಡಿದೆ. ಕಲೆ ಹೋಗಿಲ್ಲ" ಎಂದಳು. ಅವರು ಆ ಕೋಟು ತಮಗೆ ಬೇಡವೇ ಬೇಡ ಎಂದರು. ಅವಳಿಗೆ ಅದು ಇಷ್ಟವಾಗಲಿಲ್ಲ. ಅರ್ಧ ಮಾಡಿದ ಕೆಲಸ ವಾಪಸು ಕೊಡುವುದು ಅವಳ ಅಂಗಡಿಯಲ್ಲಿ ಇಲ್ಲ.

ಮನೆಗೆ ಹೊರಡುವ ದಿನ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಹೃದಯದ ಮಾತ್ರೆಗಳು ಎಂದಿನಂತೆ ನಡೆಯಬೇಕು, ನೀರಿನ ಮಾತ್ರೆ ದಿನಕ್ಕೆ ಒಂದು. ತೂಕ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ಫೋನು ಮಾಡಿ, ನಿಮ್ಮಷ್ಟಕ್ಕೆ ನೀವು ಹೆಚ್ಚಿಸಬೇಡಿ ಎಂದರು. ಗಂಡ ಎಲ್ಲಕ್ಕೂ ಹೂಂಗುಟ್ಟಿದ. ಅವರು ಹೋದ ಮೇಲೆ ಜೇಬಿನಿಂದ ಆ ಹಳೆಯ ಪಟ್ಟಿ ತೆಗೆದು ನನ್ನ ಕೈಗಿಟ್ಟ.

"ಇಟ್ಕೊಳ್ಳಿ ಸಿಸ್ಟರ್. ಇದರ ಸಹವಾಸವೇ ಬೇಡ. ನನ್ನ ಕೈಯಿಂದ ಇನ್ನು ಕೊಡಲ್ಲ."

ಕೊಡದಿದ್ದರೆ ಇನ್ನೊಂದು ತಿಂಗಳಲ್ಲಿ ಅವಳು ಊದಿದ ಕಾಲಿನಲ್ಲಿ ಮತ್ತೆ ಇದೇ ಬಾಗಿಲಿಗೆ ಬರುತ್ತಾಳೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗಂಜಿ ಅಕ್ಕ ಕೈ ಚಾಚಿ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಒಂದು ಮಾತ್ರೆ ಬಿಡಿಸಿದಳು. ಉಳಿದ ಪಟ್ಟಿಯನ್ನು ಅವನ ಜೇಬಿಗೇ ತುರುಕಿದಳು.

"ಅವತ್ತಿನ ನೀರು ನಾನು ಸೇರಿಸಿದ್ದು. ಇದು ತಾನಾಗಿ ಸೇರೋ ನೀರಿಗೆ. ನೀವೇ ಕೊಡ್ಬೇಕು, ದಿನಾ. ಗೊತ್ತಾಯ್ತಾ?"

ಅವಳು ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡು, "ನೀರು ಕೊಡಿ" ಎಂದು ಕೈ ನೀಡಿದಳು.

ಪಕ್ಕದ ಮೇಜಿನ ಮೇಲೆ ಲೋಟವಿತ್ತು. ಅವನು ಅದರ ಕಡೆ ಕೈ ಒಯ್ದವನು ಅರ್ಧದಲ್ಲೇ ನಿಂತ. ಮುಖ ಬಿಳಿಚಿಕೊಂಡಿತ್ತು.

"ಯಾವ ನೀರು?" ಎಂದು ಕೇಳಿದ.

ಗಂಜಿ ಅಕ್ಕ ಬೈಯಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳು ಅವನನ್ನು ಬೈಯದೆ ಬಿಟ್ಟದ್ದನ್ನು ನಾನು ಅಂದೇ ನೋಡಿದ್ದು.

"ಕುಡಿಯೋ ನೀರು ಕಣ್ರೀ" ಎಂದಳು.